ಕೀಪ್ಯಾಡ್ ಫೋನಿನಲ್ಲಿ ನೆಟ್‌ವರ್ಕ್ ಇಲ್ಲವೇ? ಅಂಗಡಿಗೆ ಹೋಗುವ ಮೊದಲು ಇಷ್ಟು ನೋಡಿ

ಜೋರು ಮಳೆಗೆ ಕರೆಂಟ್ ಹೋಗಿ ಕೆಲವು ಗಂಟೆ ಬರದಿದ್ದರೆ, ಬ್ಯಾಟರಿ ಖಾಲಿಯಾಗಿ ಟವರೇ ನಿಂತುಬಿಡುವುದುಂಟು. ಹಾಗಾಗಿ ನೆಟ್‌ವರ್ಕ್ ಇಲ್ಲವೆಂದಾಗ, ನಿಮ್ಮದೇ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಮೊದಲು ಕೇಳಿ. ಅವರಿಗೂ ಇಲ್ಲವಾದರೆ ಫೋನ್ ಬಿಚ್ಚಬೇಡಿ, ಸುಮ್ಮನೆ ಕಾಯಿರಿ.

ಅವರಿಗೆ ಇದೆ, ನಿಮಗೆ ಇಲ್ಲ ಎಂದಾದರೆ ಮೆನುವಿನಲ್ಲಿ Flight mode ಆನ್ ಆಗಿದೆಯೋ ನೋಡಿ. ಜೇಬಿನಲ್ಲಿ ಬಟನ್ ಒತ್ತಿಕೊಂಡು ಹೀಗಾಗುತ್ತದೆ. ರೀಚಾರ್ಜ್ ಅವಧಿ ಮುಗಿದು ಬಹಳ ದಿನವಾಗಿದ್ದರೂ ಸಿಮ್ ಬಂದ್ ಆಗಿರಬಹುದು.

ಇನ್ನು ತಪ್ಪು ಸಿಮ್ಮಿನದೋ ಫೋನಿನದೋ ಎಂದು ತಿಳಿಯಬೇಕು. ಕಾಪುವಿನ ಒಬ್ಬರು ಅಜ್ಜಿ ಫೋನನ್ನು ಎಲೆ ಅಡಿಕೆಯ ಸಂಚಿಯಲ್ಲೇ ಇಡುತ್ತಿದ್ದರು. ಪರದೆಯ ಮೇಲೆ Insert SIM ಎಂದು ಬರುತ್ತಿತ್ತು. ಮೊಮ್ಮಗ ಫೋನ್ ಆಫ್ ಮಾಡಿ, ಬ್ಯಾಟರಿ ತೆಗೆದು, ಅಜ್ಜಿಯ ಸಿಮ್ಮನ್ನು ನೆರೆಮನೆಯ ಕೀಪ್ಯಾಡ್ ಫೋನಿಗೆ ಹಾಕಿದ. ಕಡ್ಡಿಗಳು ಬಂದವು, ಅಂದರೆ ಸಿಮ್ ಸರಿ ಇದೆ. ನೆರೆಮನೆಯ ಸಿಮ್ಮನ್ನು ಅಜ್ಜಿಯ ಫೋನಿಗೆ ಹಾಕಿದರೆ ಮತ್ತೆ ಅದೇ ಸಂದೇಶ. ಸಿಮ್ ಕೂರುವ ಜಾಗದ ಹಳದಿ ಪಿನ್ನುಗಳ ಮೇಲೆ ತೇವ ಹಿಡಿದ ಸುಣ್ಣದ ಪುಡಿ ಕೂತಿತ್ತು. ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದ ಮೇಲೆ ಸರಿಹೋಯಿತು.

ಈ ಅದಲುಬದಲಿನಲ್ಲಿ ಮೂರು ಎಚ್ಚರ. ಸ್ಮಾರ್ಟ್‌ಫೋನಿನ ಪುಟ್ಟ ಸಿಮ್ಮನ್ನು ಹಾಗೇ ದೊಡ್ಡ ಜಾಗಕ್ಕೆ ತುರುಕಿದರೆ ಒಳಗೆ ಸಿಕ್ಕಿಕೊಂಡು ಪಿನ್ ಮುರಿಯಬಹುದು. ಜಿಯೋ ಸಿಮ್ ಹಳೆಯ 2ಜಿ ಫೋನಿನಲ್ಲಿ ನಡೆಯುವುದೇ ಇಲ್ಲ. ಅದನ್ನು ಹಾಕಿ ನೋಡಿ ಫೋನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಫೋನ್ ಸಿಮ್ಮಿನ ಪಿನ್ ಸಂಖ್ಯೆ ಕೇಳಿದರೆ ಅಂದಾಜಿನಲ್ಲಿ ಒತ್ತಬೇಡಿ. 3 ಸಲ ತಪ್ಪಿದರೆ ಸಿಮ್ ಲಾಕ್ ಆಗುತ್ತದೆ.

ಬಟನ್ನುಗಳ ಕಥೆ ಬೇರೆ. ಯಾವುದೂ ಕೆಲಸ ಮಾಡದಿದ್ದರೆ ಕೀಪ್ಯಾಡ್ ಲಾಕ್ ಆಗಿರಬಹುದು, ಅಥವಾ ಒಂದು ಬಟನ್ ಒಳಗೆ ಒತ್ತಿಕೊಂಡೇ ನಿಂತು ಉಳಿದವನ್ನೂ ತಡೆಯುತ್ತಿರಬಹುದು. ಬೆರಳಾಡಿಸಿ ನೋಡಿ, ಹಾಗೆ ನಿಂತದ್ದು ತಗ್ಗಿನಲ್ಲಿರುತ್ತದೆ. ಬ್ಯಾಟರಿ ತೆಗೆದು ಒಂದು ನಿಮಿಷ ಬಿಟ್ಟು ಹಾಕಿದರೂ ಎಷ್ಟೋ ಸಲ ಸರಿಯಾಗುತ್ತದೆ. ಒಂದೇ ಬಟನ್ ಹಟ ಮಾಡುತ್ತಿದ್ದರೆ ಅದರಡಿ ಕೊಳೆಯೋ ತೇವವೋ ಸೇರಿದೆ. ಬ್ಯಾಟರಿ ತೆಗೆದ ಫೋನನ್ನು ಫ್ಯಾನಿನ ಕೆಳಗೆ ಒಂದು ದಿನ ಇಡಿ. ಒಲೆಯ ಹತ್ತಿರ ಬೇಡ, ತೆಂಗಿನೆಣ್ಣೆಯಂತೂ ಬೇಡವೇ ಬೇಡ.

ಆದರೆ 1, 4, 7 ಹೀಗೆ ಒಂದು ಸಾಲಿಗೆ ಸಾಲೇ ಸತ್ತಿದ್ದರೆ ಒರೆಸಿ ಪ್ರಯೋಜನವಿಲ್ಲ. ಆ ಸಾಲಿನ ಬಟನ್ನುಗಳಿಗೆಲ್ಲ ಒಳಗೆ ಒಂದೇ ತಂತಿ ಇರುತ್ತದೆ, ಕೆಟ್ಟಿರುವುದು ಅದು. ರಿಪೇರಿಯವರಿಗೆ ಯಾವ ಸಾಲು ಎಂದು ಹೇಳಿಯೇ ಕೊಡಿ, ಹುಡುಕಾಟ ತಪ್ಪುತ್ತದೆ. ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದ್ದರೆ ಮತ್ತೆ ಚಾರ್ಜಿಗೆ ಹಾಕದೆ, ಅದನ್ನೂ ಅಲ್ಲೇ ಬದಲಿಸಿಕೊಳ್ಳಿ.