ತಿಂಗಳಿಗೆ ₹600: ಕಪಾಟಿಗೆ ಅಂಟಿಸಿದ ಒಂದು ಹಾಳೆ

ನನ್ನ ಟ್ರೇಡಿಂಗ್ ಖಾತೆಯಲ್ಲಿ ಇರುವುದು ₹20,000. ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಾ, ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು ಅದು. ಒಂದು ತಿಂಗಳಲ್ಲಿ ಅದರಿಂದ ₹600ಕ್ಕಿಂತ ಜಾಸ್ತಿ ಹೋಗಬಾರದು ಎಂದು ಹಾಳೆಯ ಮೇಲೆ ಬರೆದು ಹಾಸ್ಟೆಲ್ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ. ₹600 ಯಾಕೆ ಅಂದರೆ, ಖರ್ಚೆಲ್ಲ ಹೋಗಿ ತಿಂಗಳಿಗೆ ನನ್ನ ಕೈಯಲ್ಲಿ ಉಳಿಯುವುದು ಅಷ್ಟೇ. ಒಂದು ತಿಂಗಳು ಪೂರ್ತಿ ಹೋದರೂ ಮುಂದಿನ ತಿಂಗಳ ದುಡಿಮೆಯಿಂದ ತುಂಬಿಸಬಹುದು. ಅಪ್ಪನ ಹತ್ತಿರ ಕೈಚಾಚಬೇಕಾಗಿಲ್ಲ.

ಬರೆಯುವುದು ಸುಲಭವಿತ್ತು. ಆ ₹600 ನಿಜವಾಗಿಯೂ ₹600ರಲ್ಲೇ ನಿಲ್ಲುವಂತೆ ಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಲೆಕ್ಕ ಹೇಳುತ್ತೇನೆ. ₹600ನ್ನು ನಾಲ್ಕು ಭಾಗ ಮಾಡಿದರೆ ಒಂದು ಟ್ರೇಡಿಗೆ ₹150. ಒಂದು ಷೇರನ್ನು ₹412ಕ್ಕೆ ಕೊಳ್ಳಬೇಕು, ₹397ಕ್ಕೆ ಇಳಿದರೆ ಮಾರಿಬಿಡಬೇಕು ಅಂದುಕೊಳ್ಳಿ; ಆ ₹397 ನನ್ನ ಸ್ಟಾಪ್. ಒಂದು ಷೇರಿಗೆ ಹೋಗುವುದು ₹15. ಹಾಗಾದರೆ 10 ಷೇರು ಕೊಳ್ಳಬಹುದು ಅಲ್ವಾ? ನಾನೂ ಹಾಗೇ ಕೊಂಡಿದ್ದೆ. ಮಾರಿದ ಮೇಲೆ ನೋಡಿದರೆ ಹೋದದ್ದು ₹170ಕ್ಕಿಂತ ಜಾಸ್ತಿ.

ನಮ್ಮ ಅಪ್ಪ ತೊಗರಿ ಮಾರಲು ಗಂಜ್ ಮಾರುಕಟ್ಟೆಗೆ ಬಂದಾಗ ನಾನೂ ಜೊತೆಗೆ ಹೋಗುತ್ತೇನೆ. ಆ ವಾರ ಅವರಿಗೆ ಇದನ್ನು ಹೇಳಿದೆ. ಅವರು ಕೈಯಲ್ಲಿದ್ದ ಪಟ್ಟಿ ತೋರಿಸಿ, "ತಮ್ಮಾ, ಹಮಾಲಿ, ತೂಕ ಎಲ್ಲಾ ಕಳದು ಕೈಗಿ ಬಂದದ್ದೇ ರೊಕ್ಕ. ಬೋರ್ಡಿನ ಮ್ಯಾಲಿನ ರೇಟ್ ರೊಕ್ಕ ಅಲ್ಲ" ಅಂದರು. ಷೇರಿನಲ್ಲೂ ಅದೇ. ಕೊಂಡ ಷೇರನ್ನು ಖಾತೆಯಲ್ಲೇ ಇಟ್ಟುಕೊಳ್ಳುವ ಡೆಲಿವರಿಗೆ ನನ್ನ ಬ್ರೋಕರ್ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಆದರೂ ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ 0.1% ಎಸ್‌ಟಿಟಿ ಎಂಬ ಸರ್ಕಾರಿ ತೆರಿಗೆ ಹೋಗುತ್ತದೆ. ಮಾರಿದ ದಿನ, ಷೇರು ಡಿಮ್ಯಾಟ್ ಖಾತೆಯಿಂದ ಹೊರಹೋಗುವುದಕ್ಕೆ ಡಿಪಿ ಚಾರ್ಜ್ ಸುಮಾರು ₹16 ಹೋಗುತ್ತದೆ. ಈ ಡಿಪಿ ಚಾರ್ಜ್ ಒಂದು ಷೇರು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ದೊಡ್ಡ ಖಾತೆಗೆ ಅದು ಕಾಣುವುದೇ ಇಲ್ಲ, ನನ್ನ ₹150ರಲ್ಲಿ ಹತ್ತನೇ ಒಂದು ಭಾಗ. ಅದಕ್ಕೇ ಹಾಳೆಯ ಮೊದಲ ಸಾಲು ಹೀಗಿದೆ: "₹150ರಲ್ಲಿ ₹30 ಚಾರ್ಜಿಗೆ ತೆಗೆದಿಡು. ಉಳಿದ ₹120ನ್ನು ಭಾಗಿಸು." 120ನ್ನು 15ರಿಂದ ಭಾಗಿಸಿದರೆ 8 ಷೇರು. ಈಗ ಸ್ಟಾಪ್ ಹೊಡೆದರೆ ಎಲ್ಲ ಸೇರಿ ₹145ರ ಒಳಗೆ ಮುಗಿಯುತ್ತದೆ.

ಎರಡನೇ ಸಾಲು ಸೆಪ್ಟೆಂಬರಿನಲ್ಲಿ ಬಂತು. ಆ ತಿಂಗಳು ಎರಡು ಟ್ರೇಡ್ ಸೋತು ₹280 ಹೋಗಿತ್ತು. ಇನ್ನೂ ₹320 ಉಳಿದಿದೆ ಅಂದುಕೊಂಡು ಒಂದೇ ವಾರದಲ್ಲಿ ನಾಲ್ಕು ಕಂಪನಿಯ ಷೇರು ಕೊಂಡೆ. ಪ್ರತಿಯೊಂದಕ್ಕೂ ₹150ರ ಲೆಕ್ಕ ಸರಿಯಾಗಿ ಮಾಡಿದ್ದೆ. ಆಮೇಲೆ ಮಾರುಕಟ್ಟೆ ಒಟ್ಟಿಗೆ ಬಿತ್ತು. ಎರಡು ದಿನದಲ್ಲಿ ನಾಲ್ಕೂ ಸ್ಟಾಪ್ ಹೊಡೆದವು. ತಿಂಗಳ ಒಟ್ಟು ನಷ್ಟ ₹850 ದಾಟಿತು. ಒಂದೊಂದು ಟ್ರೇಡಿನಲ್ಲೂ ನಿಯಮ ಮುರಿದಿರಲಿಲ್ಲ, ತಿಂಗಳ ಮಿತಿ ಮಾತ್ರ ಮುರಿದಿತ್ತು. ತಪ್ಪು ಎಲ್ಲಿತ್ತು ಅಂದರೆ, ಮಾರಿ ಮುಗಿದ ನಷ್ಟವನ್ನಷ್ಟೇ ಎಣಿಸಿದ್ದೆ. ಕೈಯಲ್ಲಿರುವ ಷೇರುಗಳೆಲ್ಲ ಸ್ಟಾಪಿಗೆ ಬಂದರೆ ಎಷ್ಟು ಹೋಗುತ್ತದೆ ಎಂದು ಕೂಡಿಸಿರಲಿಲ್ಲ.

ಈಗ ಹೊಸ ಷೇರು ಕೊಳ್ಳುವ ಮೊದಲು ಪೆನ್ಸಿಲಿನಲ್ಲಿ ಮೂರು ಅಂಕೆ ಬರೆಯುತ್ತೇನೆ. ಈ ತಿಂಗಳು ಹೋದದ್ದು, ಕೈಯಲ್ಲಿರುವುದಕ್ಕೆ ಹೋಗಬಹುದಾದದ್ದು, ಹೊಸದಕ್ಕೆ ₹150. ಮೂರೂ ಸೇರಿ 600 ದಾಟಿದರೆ ಕೊಳ್ಳುವುದಿಲ್ಲ. ಸೆಪ್ಟೆಂಬರಿನಲ್ಲಿ ಹೀಗೆ ಮಾಡಿದ್ದರೆ 280ಕ್ಕೆ ಎರಡೇ ಟ್ರೇಡ್ ಸೇರಿಸಬಹುದಿತ್ತು. ತಿಂಗಳಲ್ಲಿ ಬಂದ ಲಾಭವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ₹400 ಲಾಭ ಬಂದರೆ ಮಿತಿ ₹1,000 ಆಗುವುದಿಲ್ಲ.

ನನಗೆ ಜಾಸ್ತಿ ಕಲಿಸಿದ್ದು ಅಕ್ಟೋಬರಿನ ಒಂದು ಬೆಳಿಗ್ಗೆ. ಮೇಲಿನ ಲೆಕ್ಕದಂತೆಯೇ ₹412ಕ್ಕೆ ಕೊಂಡ 8 ಷೇರು ಕೈಯಲ್ಲಿದ್ದವು. ಜಿಟಿಟಿ, ಅಂದರೆ ಬೆಲೆ ಮುಟ್ಟಿದಾಗ ತಾನೇ ಹೋಗುವ ಆರ್ಡರ್ ಹಾಕಿಟ್ಟಿದ್ದೆ: 397ಕ್ಕೆ ಇಳಿದರೆ ಆರ್ಡರ್ ಹೋಗಬೇಕು, ಅದು ಟ್ರಿಗರ್; 396ಕ್ಕಿಂತ ಕಡಿಮೆಗೆ ಮಾರಬಾರದು, ಅದು ಲಿಮಿಟ್. ಹಿಂದಿನ ಸಂಜೆ ಕಂಪನಿಯ ಫಲಿತಾಂಶ ಬಂದಿತ್ತು, ನಾನು ನೋಡಿರಲಿಲ್ಲ. 9:15ಕ್ಕೆ ಷೇರು 385ಕ್ಕೇ ತೆರೆಯಿತು. ಟ್ರಿಗರ್ ಆಯಿತು, ಮಾರುವ ಆರ್ಡರೂ ಹೋಯಿತು. ಆದರೆ 396ಕ್ಕೆ ಕೊಳ್ಳುವವರು ಯಾರೂ ಇಲ್ಲ. ಆರ್ಡರ್ ಸುಮ್ನೆ ಕೂತಿತ್ತು. ನಾನು ಕ್ಲಾಸಿನಲ್ಲಿದ್ದೆ, ಫೋನ್ ಬ್ಯಾಗಿನಲ್ಲಿತ್ತು. ಮಧ್ಯಾಹ್ನ ನೋಡಿ ₹379ಕ್ಕೆ ಮಾರಿದೆ. ₹145 ಹೋಗಬೇಕಾದ ಕಡೆ ₹287 ಹೋಯಿತು.

ಆ ದಿನ ಹಾಳೆಯಲ್ಲಿ ಮೂರು ಬದಲಾವಣೆ ಆದವು. ಲಿಮಿಟನ್ನು ಟ್ರಿಗರಿಗಿಂತ ಸುಮಾರು 3% ಕೆಳಗೆ ಇಡುತ್ತೇನೆ, 397ಕ್ಕೆ 385. ಹಾಗೆ ಇಟ್ಟ ಮಾತ್ರಕ್ಕೆ 385ಕ್ಕೇ ಮಾರುತ್ತದೆ ಅಂತಲ್ಲ. 396ಕ್ಕೆ ಕೊಳ್ಳುವವರಿದ್ದರೆ 396ಕ್ಕೇ ಹೋಗುತ್ತದೆ. ಎರಡನೆಯದು, ಫಲಿತಾಂಶದ ದಿನ ಷೇರು ಕೈಯಲ್ಲಿ ಇರಬಾರದು. ಆ ದಿನಾಂಕ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಮೊದಲೇ ಸಿಗುತ್ತದೆ. ಮೂರನೆಯದು, ಕ್ಲಾಸಿಗೆ ಹೋಗುವ ಮೊದಲು 9:20ಕ್ಕೆ ಒಮ್ಮೆ ಆರ್ಡರ್ ಪುಟ ನೋಡುವುದು. ಇನ್ನೊಂದು ಮಾತು: ಡಿಡಿಪಿಐಗೆ, ಅಂದರೆ ನಾವು ಮಾರಿದ ಷೇರನ್ನು ಬ್ರೋಕರ್ ಖಾತೆಯಿಂದ ತೆಗೆಯಲು ಒಂದೇ ಸಲ ಕೊಡುವ ಒಪ್ಪಿಗೆಗೆ, ಸಹಿ ಮಾಡಿರದಿದ್ದರೆ, ಆ ದಿನ ಟಿಪಿನ್ ಎಂಬ ಗುಪ್ತ ಸಂಖ್ಯೆ ಹಾಕಿ ಒಪ್ಪಿಗೆ ಕೊಡುವವರೆಗೆ ಡೆಲಿವರಿ ಷೇರು ಮಾರುವ ಜಿಟಿಟಿ ರಿಜೆಕ್ಟ್ ಆಗುತ್ತದೆ. ಕ್ಲಾಸಿನಲ್ಲಿ ಕೂತಿರುವವರು ಇದನ್ನು ಮೊದಲು ಮಾಡಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಒಂದು ಸಂದು ಉಳಿದಿತ್ತು. ಅದನ್ನು ತೋರಿಸಿದ್ದು ರೂಮ್‌ಮೇಟ್. "ಲೇ, ಸ್ಟಾಪ್ 409ಕ್ಕ ಇಟ್ಟರ ಎಷ್ಟ್ ಷೇರ್ ಬರ್ತಾವ?" ಅಂದ. ಅಂತರ ₹3, 120ನ್ನು 3ರಿಂದ ಭಾಗಿಸಿದರೆ 40 ಷೇರು. ಅಂದರೆ ₹16,480 ಒಂದೇ ಕಂಪನಿಯಲ್ಲಿ! ಕಾಗದದ ಮೇಲೆ ಅಪಾಯ ಅದೇ ₹150. ಆದರೆ ಒಂದು ಬೆಳಿಗ್ಗೆ 10% ಕೆಳಗೆ ತೆರೆದರೆ ₹1,600ಕ್ಕಿಂತ ಜಾಸ್ತಿ ಹೋಗುತ್ತದೆ. ಸ್ಟಾಪ್ ಹತ್ತಿರ ಇಟ್ಟಷ್ಟೂ ಸೂತ್ರ ನಮ್ಮನ್ನು ದೊಡ್ಡದಾಗಿ ಕೊಳ್ಳುವಂತೆ ಮಾಡುತ್ತದೆ. ಹಾಗಾಗಿ ಸೂತ್ರ ಎಷ್ಟೇ ಹೇಳಲಿ, ಒಂದು ಷೇರಿನಲ್ಲಿ ₹5,000 ಮೇಲೆ ಹಾಕುವುದಿಲ್ಲ. 10% ಬಿದ್ದರೂ ₹500, ಆ ಒಂದೇ ಪೆಟ್ಟು ತಿಂಗಳ ಮಿತಿಯೊಳಗೆ ಇರುತ್ತದೆ. ಮೊದಲೇ ನಷ್ಟವಾದ ತಿಂಗಳಲ್ಲಿ ಅಂಥ ಪೆಟ್ಟು ಬಿದ್ದರೆ ಮಿತಿ ದಾಟುತ್ತದೆ, ಅದನ್ನು ಪೂರ್ತಿ ತಡೆಯುವ ದಾರಿ ನನಗೆ ಸಿಕ್ಕಿಲ್ಲ.

ಎಫ್ ಆಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಇದೇ ಕಾರಣಕ್ಕೆ ಹಾಳೆಯಲ್ಲಿಲ್ಲ. 8 ಷೇರು, 5 ಷೇರು ಎಂದು ನನ್ನ ಅಳತೆಗೆ ಕತ್ತರಿಸಲು ಅಲ್ಲಿ ಬರುವುದಿಲ್ಲ, ಪೂರ್ತಿ ಲಾಟ್ ಕೊಳ್ಳಬೇಕು. ಅಲ್ಲಿ ವಹಿವಾಟು ಮಾಡಿದ ಸಾಮಾನ್ಯ ಜನರಲ್ಲಿ 93% ಮಂದಿ ಮೂರು ವರ್ಷದಲ್ಲಿ ನಷ್ಟ ಕಂಡರು ಎಂದು 2024ರಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ.

₹600 ಮುಗಿದ ದಿನ ಏನು ಮಾಡುತ್ತೇನೆ ಅಂದರೆ, ಖಾತೆಯಲ್ಲಿ ಉಳಿದ ದುಡ್ಡಿನಲ್ಲಿ ಆಗ ತೆಗೆಯಲು ಬರುವಷ್ಟನ್ನು ಅದೇ ಸಂಜೆ ಬ್ಯಾಂಕಿಗೆ ವಾಪಸ್ ಹಾಕುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಅಂದುಕೊಂಡ ಎರಡು ಸಲವೂ ಮರುದಿನ ಕೊಂಡಿದ್ದೆ. ದುಡ್ಡು ಅಲ್ಲಿಲ್ಲದಿದ್ದರೆ ಕೈ ಅಷ್ಟು ಬೇಗ ಹೋಗುವುದಿಲ್ಲ. ಮಿತಿಯನ್ನು ಬದಲಿಸುವುದು 1ನೇ ತಾರೀಖು ಮಾತ್ರ, ಆ ದಿನ ಖಾತೆಯಲ್ಲಿರುವುದರ 3%. ಖಾತೆ ₹17,000ಕ್ಕೆ ಇಳಿದಿದ್ದರೆ ಆ ತಿಂಗಳ ಮಿತಿ ₹510.

ಇವತ್ತು ಪೆನ್ಸಿಲಿನಲ್ಲಿ ಬರೆದಿರುವುದು: ಹೋದದ್ದು 141, ಕೈಯಲ್ಲಿರುವ ಎರಡಕ್ಕೆ 300. ಇನ್ನೊಂದು ಟ್ರೇಡಿಗೆ ಜಾಗ ಇದೆ. ರಾತ್ರಿ ಎಂಟಕ್ಕೆ, ಟ್ಯೂಷನ್ ಮುಗಿದ ಮೇಲೆ ನೋಡುತ್ತೇನೆ.