ಮಾರ್ಕೆಟಿಂಗ್‌ಗೆ ಎಷ್ಟು ಎತ್ತಿಡಬೇಕು?
ಮಾರಾಟದ ಇಷ್ಟು ಪರ್ಸೆಂಟ್ ಪ್ರಚಾರಕ್ಕೆ ಅಂತ ಎತ್ತಿಡುವುದು ಸುಲಭ. ಆದರೆ ಮಾರಾಟ ಬಿದ್ದ ತಿಂಗಳೇ ಪ್ರಚಾರಕ್ಕೂ ಕತ್ತರಿ ಬೀಳುತ್ತದೆ. ಉಲ್ಟಾ ಅಲ್ವಾ?

ಹೊಸ ಕಂಪನಿಯಾದರೆ ಆಗಬೇಕಾದ ಕೆಲಸದಿಂದ ಲೆಕ್ಕ ಶುರು ಮಾಡಿ. ಕಾಫಿ ಪುಡಿ ಮಾರುತ್ತೀರಿ ಅಂದುಕೊಳ್ಳಿ. ತಿಂಗಳ ಮಾರಾಟ 2 ಲಕ್ಷ. ಪರ್ಸೆಂಟ್ ಲೆಕ್ಕದಲ್ಲಿ 10 ಪರ್ಸೆಂಟ್ ಎತ್ತಿಟ್ಟರೆ ಪ್ರಚಾರಕ್ಕೆ 20,000 ರೂಪಾಯಿ. ಈಗ ಕೆಲಸದಿಂದ ಲೆಕ್ಕ ಹಾಕಿ: ಬೇಕಿರುವುದು 150 ಹೊಸ ಗಿರಾಕಿಗಳು. ಸ್ಯಾಂಪಲ್ ಪಡೆದ ಐವರಲ್ಲಿ ಒಬ್ಬರು ಕೊಂಡರೆ 750 ಸ್ಯಾಂಪಲ್ ಬೇಕು. ಒಂದಕ್ಕೆ 40ರಂತೆ 30,000. ಒಬ್ಬ ಗಿರಾಕಿಗೆ 200 ರೂಪಾಯಿ ಬಿತ್ತು. ಕೆಜಿಗೆ 100 ಉಳಿಯುವುದಾದರೆ, ಅವರು ಎರಡು ಕೆಜಿ ಕೊಂಡ ಮೇಲಷ್ಟೇ ಹಾಕಿದ ದುಡ್ಡು ವಾಪಸ್.

‘ಐವರಲ್ಲಿ ಒಬ್ಬರು’ ಅನ್ನುವುದು ಸುಮ್ನೆ ಊಹೆಯಾಗಿದ್ದರೆ ಲೆಕ್ಕ ಕೈಕೊಡುತ್ತದೆ. ಮೊದಲು 100 ಸ್ಯಾಂಪಲ್ ಹಂಚಿ ನೋಡಿ. ಹತ್ತೇ ಜನ ಕೊಂಡರೆ ಖರ್ಚು ತಲೆಗೆ 400ಕ್ಕೆ ಏರುತ್ತದೆ. ಆಗ ಅಲ್ಲೇ ನಿಲ್ಲಿಸಿ.