ರೊಟ್ಟಿ ಉಂಡ ಮೇಲೆ ಮತ್ತೆ ಅನ್ನ: ನನ್ನ ಮಧ್ಯಾಹ್ನದ ಜೋಂಪಿನ ಕತೆ

ಹುಬ್ಬಳ್ಳಿಯ ಒಂದು ಅರಿವೆ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಊಟ ಮುಗಿಸಿ ಕುಂತರೆ ನಾಲ್ಕರ ತನಕ ಬಿಲ್ಲಿನ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಚಹಾದಿಂದ ಸ್ವಲ್ಪ ಹೊತ್ತು ತಡೆಯುತ್ತಿತ್ತು, ಅಷ್ಟೇ.

ನಮ್ಮ ಕಡೆ ಊಟದ ಕ್ರಮ ಗೊತ್ತಲ್ಲ: ಮೊದಲು ರೊಟ್ಟಿ, ಆಮೇಲೆ ಅನ್ನ-ಸಾರು, ಕೊನೆಗೆ ಮಜ್ಜಿಗೆ ಅನ್ನ. ನನ್ನ ತಾಟಿನಲ್ಲಿ ಮೂರು ಜೋಳದ ರೊಟ್ಟಿ, ಅಂಚಿಗೆ ಚೂರು ಪಲ್ಯ, ಮೇಲೆ ಎರಡು ಸಲ ಅನ್ನ. ಜೋಳ ಅಂದರೆ ಎಷ್ಟು ತಿಂದರೂ ಹಗುರ ಎಂಬ ಮಾತಿದೆ. ಅದರಲ್ಲಿ ನಾರು ಇರುವುದು ನಿಜ, ಆದರೆ ಹಿಟ್ಟಿನ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅದರ ಮೇಲೆ ಬಿಳಿ ಅನ್ನ ಬಿದ್ದರೆ ಎರಡು ಊಟದ ಪಿಷ್ಟ ಒಂದೇ ಹೊತ್ತಿಗೆ ಒಳಗೆ ಹೋದಂತೆ.

ಹಾಗಾಗಿ ರೊಟ್ಟಿ ಎರಡಕ್ಕೆ ಇಳಿಸಿದೆ, ಅನ್ನ ಒಂದು ಸಣ್ಣ ಸಟ್ಟುಗದಷ್ಟು. ತೆಗೆದ ಜಾಗಕ್ಕೆ ಕಾಳು ಬಂತು. ಮಡಿಕೆ ಕಾಳೋ ಹೆಸರುಕಾಳೋ, ಒಂದು ತುಂಬಿದ ಬಟ್ಟಲು ಪಲ್ಯ. ಕಾಳಿಲ್ಲದ ದಿನ ಝುಣಕಾ. ಮನೆಯಾಕೆ "ಅನ್ನ ಬ್ಯಾಡೇನ್ರೀ, ಸಾಕಾತೇನು?" ಎಂದು ಕೇಳುತ್ತಿದ್ದಳು. "ಅನ್ನ ಸಾಕು, ಕಾಳು ಇನ್ನೊಂದಿಷ್ಟು ಹಾಕು" ಅನ್ನುತ್ತಿದ್ದೆ. ಬರೀ ರೊಟ್ಟಿ-ಅನ್ನ ಕಡಿಮೆ ಮಾಡಿ ಕಾಳು ಹೆಚ್ಚಿಸದಿದ್ದರೆ ನಾಲ್ಕೂವರೆಗೆ ಹೊಟ್ಟೆ ಕಾಯುತ್ತದೆ, ಕಾಲು ತಾವೇ ಗಿರಮಿಟ್ಟು-ಮಿರ್ಚಿ ಗಾಡಿ ಕಡೆ ತಿರುಗುತ್ತವೆ. ಪಾಲು ಸರಿ ಬಿದ್ದಿಲ್ಲ ಅನ್ನುವುದಕ್ಕೆ ಅದೇ ಗುರುತು.

ತಿನ್ನುವ ಕ್ರಮವನ್ನೂ ಬದಲಿಸಿದೆ. ಹಕ್ಕರಕಿ, ಸೌತೆಕಾಯಿ, ಉಳ್ಳಾಗಡ್ಡಿ ಮೊದಲು, ಅರ್ಧ ಬಟ್ಟಲು ಕಾಳು ಆಮೇಲೆ, ಅದಾದ ಮೇಲೆ ರೊಟ್ಟಿ ಮುರಿಯುವುದು. ನಾರು, ಪ್ರೋಟೀನು ಮೊದಲು ಹೋದರೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ರಕ್ತದ ಸಕ್ಕರೆ ಒಮ್ಮೆಲೆ ಏರುವುದಿಲ್ಲ. ಎಣ್ಣೆಗಾಯಿ ಇದ್ದ ದಿನ ಎಣ್ಣೆ ತಟ್ಟೆಯಲ್ಲೇ ಬಿಡುತ್ತೇನೆ. ಜಿಡ್ಡಿನ ಭಾರೀ ಊಟವೂ ಜೋಂಪು ತರುತ್ತದೆ. ಉಂಡ ಮೇಲೆ ಅಂಗಡಿ ಓಣಿಯಲ್ಲಿ ಹತ್ತು ನಿಮಿಷ ಅಡ್ಡಾಡುತ್ತೇನೆ.

ಬೆಳಗಿನ ನಾಷ್ಟಾ ಚಹಾ-ಬಿಸ್ಕೀಟಿನಲ್ಲೇ ಮುಗಿದಿದ್ದರೆ ಇದೆಲ್ಲ ನಡೆಯುವುದಿಲ್ಲ. ಮಧ್ಯಾಹ್ನ ಹಸಿವೇ ತಾಟು ತುಂಬಿಸುತ್ತದೆ.

ಈಗಲೂ ಮೂರರ ಸುಮಾರಿಗೆ ಸಣ್ಣದೊಂದು ಆಕಳಿಕೆ ಬರುತ್ತದೆ. ಅದು ದೇಹದ ಗಡಿಯಾರದ ಇಳಿತ, ಊಟ ಬಿಟ್ಟರೂ ಬರುತ್ತದೆ. ರಾತ್ರಿ ನಿದ್ದೆಗೆಟ್ಟವರಿಗೆ ಅದು ಇನ್ನೂ ಜೋರು. ಆದರೆ ಹಗುರ ಉಂಡರೂ ದಿನಾ ತೂಕಡಿಕೆ, ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ, ಇಲ್ಲವೇ ರಾತ್ರಿ ಜೋರು ಗೊರಕೆ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ರೊಟ್ಟಿ-ಅನ್ನ ಕಡಿಮೆ ಮಾಡಬಾರದು, ಸಕ್ಕರೆ ತೀರಾ ಇಳಿದುಬಿಡಬಹುದು.